ಕಾರಿನ ಆರಂಭಿಕ ಶಿಲ್ಕು

ಕಾರಿನ ಮೈಲೇಜ್ ತಿಳಿಯಲು ಒಂದು ನೋಟ್‌ಬುಕ್ ಸಾಕು, ಮಕ್ಕಳೇ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಮೀಟರಿನ ಕಿಲೋಮೀಟರ್, ಲೀಟರ್, ಕೊಟ್ಟ ಹಣ ಮೂರನ್ನೂ ಬರೆದಿಡಿ.

ನಮ್ಮ ಮನೆಯ ಲೆಕ್ಕ ನೋಡಿ. ಜನವರಿಯಲ್ಲಿ 28 ಲೀಟರ್ ಹಾಕಿಸಿ ಟ್ಯಾಂಕ್ ತುಂಬಿಸಿದಾಗ ಮೀಟರ್ 42,150 ತೋರಿಸುತ್ತಿತ್ತು. ಏಪ್ರಿಲ್‌ವರೆಗೆ ಮತ್ತೆ ನಾಲ್ಕು ಸಲ ತುಂಬಿಸಿದೆವು: 30, 32, 29, 34. ಒಟ್ಟು 125 ಲೀಟರ್, 12,750 ರೂಪಾಯಿ. ಕೊನೆಗೆ ಮೀಟರ್ 44,150. ಅಂದರೆ ಓಡಿದ್ದು 2,000 ಕಿ.ಮೀ.

ಮಗ ಐದೂ ಸಲದ ಲೀಟರ್ ಕೂಡಿಸಿ 153ರಿಂದ ಭಾಗಿಸಿದ. "ಬರೀ 13 ಕೊಡ್ತಿದೆ ಅಪ್ಪ, ಮಾರಿಬಿಡೋಣ" ಎಂದ. ಆದರೆ ಮೊದಲ 28 ಲೀಟರ್ ಅದಕ್ಕೂ ಹಿಂದೆ ಓಡಿದ ದಾರಿಯ ಬಾಬ್ತು. ಅಂದು ತುಂಬಿದ ಟ್ಯಾಂಕೇ ನಮ್ಮ ಆರಂಭಿಕ ಶಿಲ್ಕು. ಕೊನೆಗೂ ಟ್ಯಾಂಕ್ ತುಂಬಿರುವುದರಿಂದ ಖರ್ಚಾದದ್ದು 125 ಲೀಟರ್ ಮಾತ್ರ.

2,000 ÷ 125 = ಲೀಟರಿಗೆ 16 ಕಿ.ಮೀ.
12,750 ÷ 2,000 = ಕಿ.ಮೀ.ಗೆ ಸುಮಾರು 6 ರೂ. 38 ಪೈಸೆ.

ಕಾರು ಮನೆಯಲ್ಲೇ ಉಳಿಯಿತು.

ನಡುವೆ ಐನೂರು ರೂಪಾಯಿಗಷ್ಟೇ ಹಾಕಿಸಿದರೆ ಅದನ್ನೂ ಬರೆದುಕೊಳ್ಳಿ, ಲೆಕ್ಕ ಮುಗಿಸುವುದು ಮಾತ್ರ ಟ್ಯಾಂಕ್ ತುಂಬಿದ ದಿನ. ಬಂಕಿನ ಪೈಪು ಒಮ್ಮೆ ಬೇಗ, ಒಮ್ಮೆ ತಡವಾಗಿ ನಿಲ್ಲುತ್ತದೆ. ಹೀಗಾಗಿ ಒಂದೇ ಸಲದ ಲೆಕ್ಕ ಏರುಪೇರಾಗುತ್ತದೆ. ನಾಲ್ಕಾರು ತಿಂಗಳದ್ದು ನಂಬಬಹುದು.