ಲಗ್ನದಲ್ಲಿ ಶನಿಯೋ, ವ್ಯಯದಲ್ಲಿ ಶನಿಯೋ?

ಲಂಡನ್ನಿನಲ್ಲಿ ಒಂದು ಮಗು ಹುಟ್ಟಿತು ಎಂದುಕೊಳ್ಳಿ. ಪಾಶ್ಚಾತ್ಯರ ಸಾಯನ ಲೆಕ್ಕದಲ್ಲಿ ಅದರ ಲಗ್ನ ಕರ್ಕಾಟಕದ 26 ಡಿಗ್ರಿ 36 ಮಿನಿಟು. ಆ ಗಳಿಗೆಗೆ ನಡುನೆತ್ತಿಯ ರೇಖೆಯಲ್ಲಿರುವುದು ಮೇಷದ ಮೊದಲ ಬಿಂದು. ಶನಿ ಅದೇ ಕರ್ಕಾಟಕದ 10ನೇ ಡಿಗ್ರಿಯಲ್ಲಿದ್ದಾನೆ. ಈ ಜಾತಕವನ್ನು ಇಬ್ಬರಿಗೆ ತೋರಿಸಿದರೆ ಒಬ್ಬರು ‘ಶನಿ ಒಂದನೇ ಮನೆಯಲ್ಲಿದ್ದಾನೆ, ಹುಡುಗ ಗಂಭೀರ, ಮಿತಭಾಷಿ’ ಎನ್ನುತ್ತಾರೆ. ಇನ್ನೊಬ್ಬರು ‘ಶನಿ ಹನ್ನೆರಡರಲ್ಲಿ ಕೂತಿದ್ದಾನೆ, ಖರ್ಚು, ಏಕಾಂತ, ಊರು ಬಿಡುವ ಯೋಗ’ ಎನ್ನುತ್ತಾರೆ. ಗಣಿತದಲ್ಲಿ ಇಬ್ಬರೂ ತಪ್ಪಿಲ್ಲ. ಮನೆ ಹಂಚುವ ಕ್ರಮವೇ ಬೇರೆ.

ಮೊದಲನೆಯವರದು ನಮಗೆ ಚಿರಪರಿಚಿತವಾದ ಪದ್ಧತಿ, ರಾಶಿಗೊಂದು ಮನೆ. ಲಗ್ನಬಿಂದು ಕರ್ಕಾಟಕದಲ್ಲಿ ಎಲ್ಲಿಯೇ ಇರಲಿ, ಸೊನ್ನೆಯಿಂದ 30 ಡಿಗ್ರಿಯವರೆಗೆ ಇಡೀ ಕರ್ಕಾಟಕವೇ ಒಂದನೇ ಮನೆ. ಸಿಂಹ ಎರಡನೆಯದು, ಕನ್ಯಾ ಮೂರನೆಯದು. ನಮ್ಮ ರಾಶಿ ಕುಂಡಲಿಯ ಹನ್ನೆರಡು ಚೌಕಗಳು ಇದೇ. ಎರಡನೇ ಶತಮಾನದ ಗ್ರೀಕ್ ಜ್ಯೋತಿಷಿ ವೆಟ್ಟಿಯಸ್ ವಾಲೆನ್ಸ್ ಕೂಡ ಹೆಚ್ಚಾಗಿ ಹೀಗೆಯೇ ಎಣಿಸುತ್ತಿದ್ದ.

ಎರಡನೆಯವರದು ಪ್ಲಾಸಿಡಸ್ ಪದ್ಧತಿ. ಇಲ್ಲಿ ಹಂಚುವುದು ಜಾಗವನ್ನಲ್ಲ, ಹೊತ್ತನ್ನು. ಆಕಾಶದ ಒಂದು ಬಿಂದು ಮೂಡಿದ ಕ್ಷಣದಿಂದ ನಡುನೆತ್ತಿಗೆ ಏರಲು ಎಷ್ಟು ಹೊತ್ತು ಬೇಕೋ ಅದನ್ನು ಮೂರು ಸಮಪಾಲು ಮಾಡುತ್ತಾರೆ. ಮೂಡಿದ ಮೇಲಿನ ಮೊದಲ ಪಾಲು ಹನ್ನೆರಡನೇ ಮನೆ, ಮುಂದಿನದು ಹನ್ನೊಂದು, ಕೊನೆಯದು ಹತ್ತು. ನಮ್ಮ ಶನಿಗೇ ಇದನ್ನು ಹಚ್ಚಿ ನೋಡಿ. ಲಂಡನ್ನಿನ ಅಕ್ಷಾಂಶದಲ್ಲಿ ಕರ್ಕಾಟಕದ 10ನೇ ಡಿಗ್ರಿ ಮೂಡಿ ನಡುನೆತ್ತಿಗೆ ಬರಲು ಸುಮಾರು 8 ಗಂಟೆ 10 ನಿಮಿಷ ಬೇಕು; ಒಂದು ಪಾಲೆಂದರೆ 2 ಗಂಟೆ 43 ನಿಮಿಷ. ಮಗು ಹುಟ್ಟುವಾಗ ಶನಿ ಮೂಡಿ ಇನ್ನೂ 1 ಗಂಟೆ 26 ನಿಮಿಷವಾಗಿತ್ತಷ್ಟೇ. ಮೊದಲ ಪಾಲು ಮುಗಿದಿಲ್ಲ, ಹಾಗಾಗಿ ಹನ್ನೆರಡು.

ಹೊತ್ತಿನ ಪಾಲು ಸಮವಾದರೂ ರಾಶಿಚಕ್ರದ ಮೇಲೆ ಮನೆಗಳು ಸಮ ಬರುವುದಿಲ್ಲ. ಈ ಜಾತಕದಲ್ಲಿ ಒಂದನೇ ಮನೆ 16 ಡಿಗ್ರಿಗೇ ಮುಗಿಯುತ್ತದೆ, ಹನ್ನೊಂದನೆಯದು ಸುಮಾರು 44 ಡಿಗ್ರಿ ಹಬ್ಬಿಕೊಳ್ಳುತ್ತದೆ. ಸಿಂಹದ 5ನೇ ಡಿಗ್ರಿಯಲ್ಲಿ ಕುಜ ಇದ್ದನೆನ್ನಿ. ರಾಶಿ ಲೆಕ್ಕದಲ್ಲಿ ಅವನು ಎರಡನೇ ಮನೆಯವನು, ಅಂದರೆ ಹಣ, ಮಾತು, ಕುಟುಂಬ. ಪ್ಲಾಸಿಡಸ್ ಲೆಕ್ಕದಲ್ಲಿ ಅವನೇ ಒಂದನೇ ಮನೆಗೆ ಬಂದು ದೇಹ, ಸ್ವಭಾವಗಳ ಮಾತಾಗುತ್ತಾನೆ. ಒರಟು ಮಾತಿನವನು ಎನ್ನಬೇಕಿದ್ದ ಕಡೆ ಮುಂಗೋಪಿ ಎಂದಾಗುತ್ತದೆ.

ಇದೇ ಮೇಷಬಿಂದು ಬೆಂಗಳೂರಿನ ನೆತ್ತಿಯ ರೇಖೆಗೆ ಬಂದಾಗ ಲೆಕ್ಕ ಹಾಕಿದರೆ ಪ್ಲಾಸಿಡಸ್ ಮನೆಗಳು ಸುಮಾರು 26ರಿಂದ 33 ಡಿಗ್ರಿಯೊಳಗೇ ನಿಲ್ಲುತ್ತವೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಮನೆಗಳ ಅಳತೆ ಹದಕ್ಕೆ ಬರುತ್ತದೆ. ಉತ್ತರಕ್ಕೆ ಹೋದಷ್ಟೂ ಹಿಗ್ಗಿ ಕುಗ್ಗಿ, ನಾರ್ವೆಯ ಟ್ರೋಮ್ಸೋದಂಥ ಊರಿನಲ್ಲಿ ಲೆಕ್ಕವೇ ಕೈಕೊಡುತ್ತದೆ. ಅಲ್ಲಿ ಕೆಲವು ಬಿಂದುಗಳು ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಪಾಲು ಮಾಡಲು ಹೊತ್ತೆಲ್ಲಿದೆ?

ಹೆಸರು ಬಂದದ್ದು ಇಟಲಿಯ ಸನ್ಯಾಸಿ, ಗಣಿತದ ಅಧ್ಯಾಪಕ ಪ್ಲಾಸಿಡಸ್ ಡಿ ಟಿಟಿಸ್‌ನಿಂದ (1603–1668), ಆಲೋಚನೆ ಪೂರ್ತಿ ಅವನದಲ್ಲ. ಇಂಗ್ಲೆಂಡಿನ ರಾಫೆಲ್ ಪಂಚಾಂಗದವರು ಈ ಕೋಷ್ಟಕಗಳನ್ನು ಅಗ್ಗಕ್ಕೆ ಅಚ್ಚು ಹಾಕಿದ್ದೇ ಇದು ಮನೆಮಾತಾಗಲು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಕೈಗೆ ಸಿಕ್ಕಿದ್ದನ್ನು ಜನ ಬಳಸಿದರು. ನಮ್ಮಲ್ಲೂ ಕೆ.ಎಸ್. ಕೃಷ್ಣಮೂರ್ತಿಯವರ ಕೆ.ಪಿ. ಪದ್ಧತಿಯವರು ಪ್ಲಾಸಿಡಸ್ಸನ್ನೇ ಹಿಡಿದಿದ್ದಾರೆ. ಹಾಗೆಂದು ಎಲ್ಲ ಭಾವ ಕುಂಡಲಿಯೂ ಪ್ಲಾಸಿಡಸ್ ಅಲ್ಲ. ಶ್ರೀಪತಿ ಪದ್ಧತಿಯಲ್ಲಿ ಲಗ್ನಬಿಂದು ಒಂದನೇ ಭಾವದ ನಡುಮಧ್ಯ. ಪ್ಲಾಸಿಡಸ್‌ನಲ್ಲಿ ಅದು ಮನೆಯ ಹೊಸ್ತಿಲು. ಇದನ್ನು ಗಮನಿಸದೆ ಓದಿದರೆ ಅರ್ಧ ಮನೆಯಷ್ಟು ಎಡವಟ್ಟು.

ಗ್ರಹ ಎಲ್ಲಿದೆ ಎಂಬುದನ್ನು ದೂರದರ್ಶಕ ಹೇಳೀತು, ಯಾವ ಮನೆಯಲ್ಲಿದೆ ಎಂಬುದನ್ನು ಹೇಳಲಾರದು. ಮನೆ ಮನುಷ್ಯ ಎಳೆದ ಗೆರೆ. ಇನ್ನೊಂದು ಸ್ವಾರಸ್ಯವಿದೆ. ಅದೇ ಮಗುವಿನ ಜಾತಕವನ್ನು ನಮ್ಮ ಜೋಯಿಸರ ಕೈಗೆ ಕೊಡಿ. ಅವರು ನಿರಯನ ಲೆಕ್ಕಕ್ಕೆ ಸುಮಾರು 24 ಡಿಗ್ರಿ ಅಯನಾಂಶ ಕಳೆಯುತ್ತಾರೆ. ಲಗ್ನ ಕರ್ಕಾಟಕದ ಎರಡೂವರೆ ಡಿಗ್ರಿಯ ಹತ್ತಿರಕ್ಕೆ ಇಳಿದು ಅಲ್ಲೇ ಉಳಿಯುತ್ತದೆ, ಶನಿ ಮಾತ್ರ ಮಿಥುನದ 16ಕ್ಕೆ ಜಾರುತ್ತಾನೆ. ರಾಶಿಗೊಂದು ಮನೆಯ ಲೆಕ್ಕದಲ್ಲೂ ಈಗ ಅವನು ಹನ್ನೆರಡರಲ್ಲಿ. ಪ್ಲಾಸಿಡಸ್‌ಗೆ ಅಯನಾಂಶದ ಹಂಗಿಲ್ಲ, ಮೂಡಿದ ಹೊತ್ತು ಬದಲಾಗುವುದಿಲ್ಲವಲ್ಲ. ಹೀಗೆ ಲಂಡನ್ನಿನ ಪ್ಲಾಸಿಡಸ್‌ವಾದಿಯೂ ಮಲ್ಲೇಶ್ವರದ ಜೋಯಿಸರೂ ‘ಶನಿ ವ್ಯಯದಲ್ಲಿ’ ಎಂದು ಒಂದೇ ಮಾತು ಹೇಳುತ್ತಾರೆ, ಒಬ್ಬರ ದಾರಿ ಇನ್ನೊಬ್ಬರಿಗೆ ಗೊತ್ತಿಲ್ಲದೆಯೇ.