ಸುಣ್ಣಕಲ್ಲೂ ಭೂಮಿಯ ಹವೆಯೂ

ವಿಜಯಪುರ, ಬೀದರ ಮುಂತಾದ ಜಿಲ್ಲೆಗಳಲ್ಲಿ ಎರೆಭೂಮಿಯನ್ನು ಆಳವಾಗಿ ಅಗೆದಾಗ ಕಪ್ಪು ಮಣ್ಣಿನ ನಡುವೆ ಬೆಳ್ಳಗಿನ ಸುಣ್ಣದ ಹರಳುಗಳು ದೊರೆಯುವುದನ್ನು ರೈತರು ಬಲ್ಲರು. ಈ ಹರಳನ್ನು ಪುಡಿಮಾಡಿ ಅದರ ಮೇಲೆ ಹುಳಿಯಾದ ದ್ರಾವಕವನ್ನು ಹಾಕಿದರೆ ನೊರೆಯುಕ್ಕುವುದು. ಆ ನೊರೆಯಲ್ಲಿರುವುದು ಇಂಗಾಲಾಮ್ಲ ವಾಯು. ಪ್ರಾಣಿಗಳು ಉಸಿರಿನೊಡನೆ ಹೊರಬಿಡುವ, ಬೆಳೆಗಳು ಎಲೆಗಳ ಮೂಲಕ ಹೀರಿಕೊಳ್ಳುವ ವಾಯುವೇ ಇದು. ಗಾಳಿಯಲ್ಲಿದ್ದ ಈ ವಾಯುವು ಕಲ್ಲಿನೊಳಗೆ ಹೇಗೆ ಸೆರೆಯಾಯಿತು, ಅಲ್ಲಿಂದ ಮರಳಿ ಹೇಗೆ ಬಿಡುಗಡೆ ಹೊಂದುವುದು ಎಂಬುದನ್ನು ತಿಳಿದರೆ, ಭೂಮಿಯ ಹವೆಯು ಕೋಟ್ಯಂತರ ವರ್ಷಗಳಿಂದ ಜೀವಿಗಳು ತಾಳಿಕೊಳ್ಳುವ ಮಿತಿಯಲ್ಲಿ ಉಳಿದುಬಂದ ಕಾರಣವೂ ತಿಳಿಯುವುದು.

ಗಾಳಿಯ 10,000 ಪಾಲುಗಳಲ್ಲಿ ಇಂಗಾಲಾಮ್ಲ ವಾಯುವಿರುವುದು ಸುಮಾರು 4 ಪಾಲು ಮಾತ್ರ. ಹೀಗಿದ್ದರೂ ಅದು ಭೂಮಿಯ ಶಾಖವನ್ನು ಹೊರಕ್ಕೆ ಹೋಗಗೊಡದೆ ಕಂಬಳಿಯಂತೆ ಹಿಡಿದಿಡುವುದು. ಈ ಪಾಲು ಹೆಚ್ಚಿದರೆ ಹವೆಯು ಬಿಸಿಯಾಗುವುದು, ಕಡಿಮೆಯಾದರೆ ತಂಪಾಗುವುದು.

ಎರೆಮಣ್ಣಿನ ತಾಯಿಯಾದ ಕಪ್ಪು ಶಿಲೆಗೆ ಬಸಾಲ್ಟ್ ಎಂದು ಹೆಸರು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಶಿಲಾರಸವು ಆರಿ, ಪದರ ಪದರವಾಗಿ ಗಟ್ಟಿಗೊಂಡು ಈ ಶಿಲೆಯಾಯಿತು. ಇಂದಿಗೂ ದಖನ್ ಪ್ರಸ್ಥಭೂಮಿಯಲ್ಲಿ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲದ ಮೇಲೆ ಅದು ಹಬ್ಬಿದೆ. ಮಳೆಯ ಹನಿಯು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುವುದು. ಈ ಹುಳಿನೀರು ಶಿಲೆಯನ್ನು ಮೆಲ್ಲಮೆಲ್ಲನೆ ಕೊರೆದು, ಅದರಲ್ಲಿನ ಸುಣ್ಣದ ಸತ್ತ್ವವನ್ನು ಕರಗಿಸಿಕೊಳ್ಳುವುದು. ಉಳಿದ ಭಾಗವು ಜೇಡಿಯಾಗುವುದು. ಕರಗಿದ ಸುಣ್ಣವು ಇಂಗಾಲಾಮ್ಲ ವಾಯುವಿನೊಡನೆ ಕೂಡಿರುತ್ತದೆ. ಮಳೆ ಕಡಿಮೆಯಾದ ಪ್ರದೇಶದಲ್ಲಿ ನೀರು ಆರಿದಾಗ ಅದರಲ್ಲಿ ಕೆಲವಂಶ ಹೊಲದಲ್ಲಿಯೇ ಹರಳುಗಟ್ಟುವುದು. ಉಳಿದದ್ದು ಭೀಮಾ ನದಿಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಹೋಗುವುದು.

ಕಡಲಿನಲ್ಲಿ ಸೂಕ್ಷ್ಮಜೀವಿಗಳೂ ಚಿಪ್ಪಿನ ಪ್ರಾಣಿಗಳೂ ಈ ಸುಣ್ಣದಿಂದ ತಮ್ಮ ಕವಚಗಳನ್ನು ಕಟ್ಟಿಕೊಳ್ಳುತ್ತವೆ. ಅವು ಸತ್ತಾಗ ಕವಚಗಳು ತಳಕ್ಕಿಳಿದು, ಒಂದರ ಮೇಲೊಂದು ಬಿದ್ದು, ಕ್ರಮೇಣ ಸುಣ್ಣಕಲ್ಲಾಗುತ್ತವೆ. ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಬಸಾಲ್ಟಿನಿಂದ ಒಂದು ಪಾಲು ಸುಣ್ಣದ ಸತ್ತ್ವವು ಕರಗುವಾಗ ಎರಡು ಪಾಲು ವಾಯು ಬಂಧಿತವಾಗುವುದು. ಕವಚ ಕಟ್ಟುವಾಗ ಅದರಲ್ಲಿ ಒಂದು ಪಾಲು ಮರಳಿ ಬಿಡುಗಡೆಯಾಗಿ, ಒಂದು ಪಾಲು ಮಾತ್ರ ಕಲ್ಲಿನಲ್ಲಿ ಉಳಿಯುವುದು. ಆದರೆ ಮಳೆಯು ಸುಣ್ಣಕಲ್ಲನ್ನೇ ಕರಗಿಸಿದಲ್ಲಿ ಹಿಡಿದಷ್ಟೂ ಕಡಲಿನಲ್ಲಿ ಬಿಡುಗಡೆಯಾಗುವುದರಿಂದ ಕೊನೆಗೆ ಲಾಭವೇನೂ ಇಲ್ಲ. ಬಸಾಲ್ಟಿನಂತಹ ಶಿಲೆಗಳು ಸವೆದರೆ ಮಾತ್ರ ಗಾಳಿಯಲ್ಲಿನ ಈ ವಾಯುವು ನಿಜವಾಗಿ ಕಡಿಮೆಯಾಗುವುದು.

ಈ ಕೆಲಸವು ಹೀಗೆಯೇ ಎಡೆಬಿಡದೆ ನಡೆದು, ಹಿಂತಿರುಗುವ ದಾರಿ ಇಲ್ಲದಿದ್ದರೆ, ಕೆಲವು ಲಕ್ಷ ವರ್ಷಗಳಲ್ಲಿಯೇ ಗಾಳಿಯೂ ಕಡಲೂ ಈ ವಾಯುವಿಲ್ಲದೆ ಬಡವಾಗಿ ಭೂಮಿಯು ಹಿಮಗಟ್ಟುತ್ತಿತ್ತು. ಹಾಗಾಗದಿರುವುದಕ್ಕೆ ಕಾರಣ ಭೂಮಿಯ ಮೇಲ್ಚಿಪ್ಪಿನ ಚಲನೆ. ಈ ಚಿಪ್ಪು ಒಂದೇ ಅಖಂಡ ವಸ್ತುವಲ್ಲ. ಹಲವು ದೊಡ್ಡ ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳಂತೆ, ಅಂದರೆ ಉಗುರು ಬೆಳೆಯುವ ವೇಗದಲ್ಲಿ, ಸರಿಯುತ್ತಿರುತ್ತವೆ. ಬಂಗಾಳಕೊಲ್ಲಿಯ ತಳವನ್ನು ಹೊತ್ತ ಫಲಕವು ಅಂಡಮಾನ್ ಮತ್ತು ಸುಮಾತ್ರ ದ್ವೀಪಗಳ ಅಡಿಗೆ ಇಳಿಯುತ್ತಿದೆ. 2004ರ ಡಿಸೆಂಬರ್ 26ರಂದು ಮಹಾಭೂಕಂಪವಾಗಿ ಸಮುದ್ರವು ಉಕ್ಕಿ ಬಂದದ್ದು, ಈ ಗಡಿಯಲ್ಲಿ ಸಿಕ್ಕಿಕೊಂಡಿದ್ದ ಫಲಕವು ಒಮ್ಮೆಲೇ ಜಾರಿದ್ದರಿಂದ.

ಹೀಗೆ ಇಳಿಯುವ ಫಲಕವು ಕಡಲ ತಳದ ಸುಣ್ಣವನ್ನೂ ತನ್ನೊಡನೆ ಕೊಂಡೊಯ್ಯುವುದು. ಮುಂದೆ ಅದಕ್ಕೆ ಏನಾಗುವುದೆಂಬುದನ್ನು ಸುಣ್ಣದ ಗೂಡಿನ ಕೆಲಸದಿಂದ ಊಹಿಸಬಹುದು. ಗೂಡಿನಲ್ಲಿ 100 ಸೇರು ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಸೇರು ಸುಣ್ಣ ಉಳಿಯುವುದು; ಮಿಕ್ಕ 44 ಸೇರು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುವುದು. ನೆಲದಡಿಯಲ್ಲಿ ಸುಮಾರು 100 ಕಿಲೋಮೀಟರ್ ಆಳದ ಕಾವಿನಲ್ಲಿಯೂ ಸುಣ್ಣಕಲ್ಲಿನ ಒಂದಂಶವು ಹೀಗೆಯೇ ವಾಯುವನ್ನು ಬಿಟ್ಟುಕೊಡುವುದು. ಆ ವಾಯುವು ಶಿಲಾರಸದೊಡನೆ ಮೇಲೇರಿ, ಅಂಡಮಾನಿನ ಬ್ಯಾರನ್ ದ್ವೀಪದ ಮತ್ತು ಸುಮಾತ್ರದ ಜ್ವಾಲಾಮುಖಿಗಳಂತಹ ಬಾಯಿಗಳಿಂದ ಗಾಳಿಯನ್ನು ಸೇರುವುದು. ಎಲ್ಲ ಸುಣ್ಣಕಲ್ಲೂ ಹೀಗೆ ಕೆಳಗಿಳಿಯುವುದಿಲ್ಲ. ಮನೆಗಳಿಗೆ ಹಾಸುವ ಶಹಾಬಾದಿನ ಕಲ್ಲು ಪ್ರಾಚೀನ ಕಡಲಿನ ಸುಣ್ಣವೇ ಆದರೂ ಭೂಖಂಡದ ಮೇಲೆಯೇ ಉಳಿದುಕೊಂಡಿದೆ.

ಇನ್ನು ಹವೆಯು ಮಿತಿಯಲ್ಲಿ ನಿಲ್ಲುವ ಬಗೆ. ಜ್ವಾಲಾಮುಖಿಗಳಿಂದ ವಾಯು ಹೆಚ್ಚಾಗಿ ಬಂದು ಭೂಮಿಯು ಬಿಸಿಯಾದರೆ, ಕಡಲ ನೀರು ಹೆಚ್ಚಾಗಿ ಆವಿಯಾಗಿ ಮಳೆಯೂ ಹೆಚ್ಚುವುದು. ಬಿಸಿಯಲ್ಲಿ ಶಿಲೆಯು ಬೇಗ ಸವೆಯುವುದು. ಆದುದರಿಂದ ವಾಯುವು ಮೊದಲಿಗಿಂತ ಬೇಗ ಕಲ್ಲಿನಲ್ಲಿ ಸೆರೆಯಾಗಿ ಹವೆಯು ತಂಪಾಗುವುದು. ಬಹಳ ತಂಪಾದರೆ ಶಿಲೆಯ ಸವೆತವು ನಿಧಾನವಾಗಿ, ಜ್ವಾಲಾಮುಖಿಗಳಿಂದ ಬಂದ ವಾಯುವು ಗಾಳಿಯಲ್ಲಿ ಕೂಡಿಕೊಂಡು ಮತ್ತೆ ಬಿಸಿಯೇರುವುದು. ಕೆರೆ ತುಂಬಿದಷ್ಟೂ ಕೋಡಿಯ ಹರಿವು ಹೆಚ್ಚುವಂತೆ ಇದು ತನ್ನಷ್ಟಕ್ಕೆ ನಡೆಯುವ ಕಾರ್ಯ. ಈ ತತ್ತ್ವವನ್ನು 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ವಿಜ್ಞಾನಿಗಳು ವಿಶದಪಡಿಸಿದರು. ಫಲಕಗಳ ಚಲನೆಯು ಇದಕ್ಕೆ ಇನ್ನೊಂದು ರೀತಿಯಲ್ಲಿಯೂ ನೆರವಾಗುವುದು. ಮಣ್ಣಿನ ಹೊದಿಕೆ ದಪ್ಪನಾದಲ್ಲಿ ಮಳೆನೀರು ಹೊಸ ಶಿಲೆಯನ್ನು ಮುಟ್ಟಲಾರದು. ಫಲಕಗಳು ಡಿಕ್ಕಿಹೊಡೆದು ಹಿಮಾಲಯದಂತಹ ಪರ್ವತಗಳೆದ್ದಲ್ಲಿ ಮಣ್ಣು ಕೊಚ್ಚಿಹೋಗಿ ಹೊಸ ಶಿಲೆಯು ಮಳೆಗೆ ತೆರೆದುಕೊಳ್ಳುವುದು.

ಈ ಕಾರ್ಯವು ಎಷ್ಟು ನಿಧಾನವೆಂಬುದಕ್ಕೆ ಕಡಲ ತಳದಲ್ಲಿಯೇ ಸಾಕ್ಷ್ಯವುಂಟು. ಸುಮಾರು 5 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಪಾರವಾದ ಇಂಗಾಲವು ಕೆಲವೇ ಸಾವಿರ ವರ್ಷಗಳಲ್ಲಿ ಗಾಳಿಯನ್ನೂ ಕಡಲನ್ನೂ ಸೇರಿ, ಭೂಮಿಯ ಸರಾಸರಿ ಶಾಖವು 5ರಿಂದ 6 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತು. ಕಡಲ ತಳವನ್ನು ಕೊರೆದು ತೆಗೆದ ಕೆಸರಿನ ಕಂಬಗಳಲ್ಲಿ ಆ ಕಾಲದ ಗುರುತು ಸ್ಪಷ್ಟವಾಗಿದೆ. ಬಿಳಿಯ ಸುಣ್ಣದ ಕೆಸರು ಅಲ್ಲಿ ಥಟ್ಟನೆ ನಿಂತು, ಕಂದುಬಣ್ಣದ ಜೇಡಿಯ ಪಟ್ಟಿಯೊಂದು ಕಾಣುವುದು; ಏಕೆಂದರೆ ಕಡಲು ಹುಳಿಯಾಗಿ ಸುಣ್ಣವೆಲ್ಲವೂ ಕರಗಿಹೋಗಿತ್ತು. ಪಟ್ಟಿಯ ಮೇಲೆ ಸುಣ್ಣವು ಕ್ರಮೇಣ ಮರಳಿ ಬಂದಿದೆ. ಶಿಲೆಗಳ ಸವೆತದಿಂದ ನದಿಗಳು ಹೊತ್ತು ತಂದ ಸುಣ್ಣವೇ ಕಡಲನ್ನು ಹೀಗೆ ಸರಿಪಡಿಸಿತು. ಹವೆಯು ಮೊದಲಿನ ಸ್ಥಿತಿಗೆ ಬರಲು ಹಿಡಿದ ಕಾಲ ಒಂದೂವರೆಯಿಂದ ಎರಡು ಲಕ್ಷ ವರ್ಷ.

ಇಂದು ಕಲ್ಲಿದ್ದಲು ಮತ್ತು ಖನಿಜ ತೈಲಗಳನ್ನು ಸುಡುವುದರಿಂದ ವರ್ಷವೊಂದಕ್ಕೆ ಹೊರಡುವ ಇಂಗಾಲಾಮ್ಲ ವಾಯುವು ಭೂಮಿಯ ಎಲ್ಲ ಜ್ವಾಲಾಮುಖಿಗಳೂ ಬಿಡುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ದಖನ್ನಿನ ಶಿಲೆಯೂ ಇತರ ಶಿಲೆಗಳೂ ಇದನ್ನು ಕಟ್ಟಕಡೆಗೆ ಹೀರಿಕೊಳ್ಳುವುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಲೆಕ್ಕ ಲಕ್ಷ ವರ್ಷಗಳದು. ರೈತನ ಮಕ್ಕಳು ಮೊಮ್ಮಕ್ಕಳು ಉತ್ತು ಬಿತ್ತಬೇಕಾದ ಕಾಲವು ಆ ಲೆಕ್ಕದಲ್ಲಿ ಎಣಿಕೆಗೆ ಬರುವಷ್ಟೂ ಇಲ್ಲ.