ಇ-ಗೇಟು ನೋಡುವುದು ಯಾವ ಫೋಟೋ?

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಇ-ಗೇಟು ಪ್ರಯಾಣಿಕರ ಮುಖವನ್ನು ಹೋಲಿಸುವುದು ಪಾಸ್‌ಪೋರ್ಟಿನ ಪುಟದಲ್ಲಿ ಅಚ್ಚಾದ ಫೋಟೋ ಜೊತೆಗಲ್ಲ, ಒಳಗಿನ ಚಿಪ್‌ನಲ್ಲಿರುವ ಫೋಟೋ ಜೊತೆಗೆ. ಯಂತ್ರ ಮೊದಲು ಪುಟದ ತಳದ ಎರಡು ಸಾಲುಗಳನ್ನು ಓದುತ್ತದೆ. ಅಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನಗಳಿಂದಲೇ ಚಿಪ್ ತೆರೆಯುವ ಕೀಲಿ ಸಿದ್ಧವಾಗುತ್ತದೆ. ಚಿಪ್‌ನ ಮಾಹಿತಿಗೆ ಪಾಸ್‌ಪೋರ್ಟ್ ಕೊಟ್ಟ ದೇಶದ ಡಿಜಿಟಲ್ ಸಹಿ ಇರುತ್ತದೆ. ಫೋಟೋ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ.

ಆಮೇಲೆ ಕ್ಯಾಮೆರಾ ಮುಖವನ್ನು ಸೆರೆಹಿಡಿಯುತ್ತದೆ. ಎರಡೂ ಮುಖಗಳು ಸಂಖ್ಯೆಗಳ ಸಾಲುಗಳಾಗಿ ಬದಲಾಗುತ್ತವೆ. ಅವು ಎಷ್ಟು ಹತ್ತಿರ ಎಂಬುದಕ್ಕೆ ಒಂದು ಅಂಕ ಬರುತ್ತದೆ. ಅಂಕ ನಿಗದಿತ ಮಿತಿ ಮುಟ್ಟಿದರೆ ಹೋಲಿಕೆ ಒಪ್ಪಿತ. ಮಿತಿ ಸಡಿಲಿಸಿದರೆ ಮುಖಸಾಮ್ಯವಿರುವ ಇನ್ನೊಬ್ಬರು ನುಸುಳಬಹುದು. ಬಿಗಿಗೊಳಿಸಿದರೆ ಒಂಬತ್ತು ವರ್ಷ ಹಳೆಯ ಫೋಟೋದ ನಿಜವಾದ ಮಾಲೀಕರಿಗೂ ಗೇಟು ತೆರೆಯದೆ, ಅಧಿಕಾರಿಯ ಕೌಂಟರಿಗೆ ಹೋಗಬೇಕಾದೀತು.